ಹಾಸಿಗೆ ಪಕ್ಕದ ಐದು ನಿಮಿಷ

ಸಾಯುವವರ ಪಕ್ಕದಲ್ಲಿ ಉದ್ದ ಪ್ರಾರ್ಥನೆ ಬೇಡವೇ ಬೇಡ. ಮಂಜೇಶ್ವರದ ಕಡೆ ಸಭಾಪಾಲಕನಾಗಿರುವ ನಾನು ಇದನ್ನು ಹಟ ಹಿಡಿದು ಹೇಳುತ್ತೇನೆ. ನಮ್ಮ ಆರಾಧನಾ ಪುಸ್ತಕದಲ್ಲಿರುವ ಕ್ರಮ ಉದ್ದ, ಅಕ್ಷರ ಸಣ್ಣ. ಮಂದ ಬೆಳಕಿನ ಕೋಣೆಯಲ್ಲಿ ಅದನ್ನು ಓದುವವರ ಕಷ್ಟ ಅಚ್ಚು ಹಾಕಿಸುವವರಿಗೆ ಗೊತ್ತಿಲ್ಲ.

ಮೊನ್ನೆ ಒಬ್ಬ ಅಜ್ಜಿಯ ಮನೆಗೆ ಹೋದಾಗ ಕೋಣೆ ತುಂಬ ಜನ. ಪಾಲಿಯೇಟಿವ್ ನರ್ಸ್ ಬಂದು ನೋಡಿಕೊಂಡು ಹೋಗಿದ್ದರು. ದೊಡ್ಡ ಮಗ ಬಾಗಿಲಲ್ಲೇ ತಡೆದರು. "ಅಯ್ಯನವರೇ, ಅಮ್ಮ ಗುಣ ಆಗಲಿ ಅಂತಲೇ ಪ್ರಾರ್ಥನೆ ಮಾಡಿ." ಒಳಗಿದ್ದ ಮಗಳು, "ಇನ್ನು ಸಾಕು, ಅಮ್ಮನಿಗೆ ನೋವು ಬೇಡ" ಅಂದರು. ನಾನು ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಇಬ್ಬರನ್ನೂ ಹಾಸಿಗೆಯ ಎರಡು ಬದಿಗೆ ಕೂರಿಸಿ, ಒಂದೊಂದು ಕೈ ಹಿಡಿದುಕೊಳ್ಳಲು ಹೇಳಿದೆ.

ಓದಲು ಇಪ್ಪತ್ತಮೂರನೇ ಕೀರ್ತನೆ ಸಾಕು, ಆರೇ ವಚನ. ಮೊದಲ ಮೂರು ವಚನ ದೇವರ ಬಗ್ಗೆ ಹೇಳುತ್ತವೆ. ನಾಲ್ಕನೆಯದರಲ್ಲಿ, ಕತ್ತಲ ಕಣಿವೆಗೆ ಬಂದಾಗ, ಮಾತು ನೇರ ದೇವರ ಕಡೆಗೇ ತಿರುಗುತ್ತದೆ: ನೀನು ಹತ್ತಿರ ಇದ್ದೀ. ಅಲ್ಲಿಗೆ ಬಂದಾಗ ನಾನು ಬಗ್ಗಿ ಕಿವಿಯ ಹತ್ತಿರ, ಹೆಸರು ಹೇಳಿ, ನಿಧಾನ ಓದುತ್ತೇನೆ. ಉತ್ತರ ಕೊಡದವರಿಗೂ ಕೇಳಿಸುತ್ತಿರಬಹುದು.

ಅಷ್ಟರಲ್ಲಿ ಅಜ್ಜಿಯ ಉಸಿರು ನಿಂತಿತು. ಸೊಸೆ ಅತ್ತರು, ಯಾರೋ ಚಮಚದಲ್ಲಿ ನೀರು ತಂದರು. ನೀರು ಬೇಡ ಅಂತ ಕೈ ಅಡ್ಡ ಹಿಡಿದೆ. ನುಂಗಲಾಗದವರ ಗಂಟಲಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಸಾಕು. ಓದು ನಿಲ್ಲಿಸಿ ಕಾದೆವು. ಕೊನೆಗಾಲದಲ್ಲಿ ಉಸಿರು ಅರ್ಧ ನಿಮಿಷದವರೆಗೂ ನಿಂತು ಮತ್ತೆ ಬರುವುದುಂಟು. ಬಂತು, ದೊಡ್ಡದಾಗಿ. ಉಳಿದ ವಚನಗಳನ್ನು ಮುಗಿಸಿದೆ.

ಪ್ರಾರ್ಥನೆ ಮೂರೇ ಮಾತು. ಇವರ ಬದುಕಿಗಾಗಿ ಸ್ತೋತ್ರ. ಇವರನ್ನೂ ನಮ್ಮನ್ನೂ ಕ್ಷಮಿಸು. ಇವರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಗುಣ ಮಾಡು ಅಂತಲೂ ಇಲ್ಲ, ಕರೆದುಕೊಂಡು ಹೋಗು ಅಂತಲೂ ಇಲ್ಲ. ಶಿಲುಬೆಯ ಮೇಲೆ ಯೇಸು ಸ್ವಾಮಿ ಹೇಳಿದ್ದೂ ಒಪ್ಪಿಸುವ ಮಾತೇ ಅಲ್ವಾ? ಒಪ್ಪಿಸುವ ಮಾತಿಗೆ ಮಗನೂ ಆಮೆನ್ ಅಂದರು, ಮಗಳೂ ಅಂದರು.

ಆಮೇಲೆ ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳಿದೆವು. ಮಲಯಾಳ ಮೀಡಿಯಂನಲ್ಲಿ ಓದುವ ಮೊಮ್ಮಕ್ಕಳು ಮಲಯಾಳದಲ್ಲೇ ಹೇಳಿದರು. ತಿದ್ದಲಿಲ್ಲ. ಅಜ್ಜಿಯ ತುಟಿಯೂ ಅಲ್ಲಾಡಿತು. ಬಾಯಿಪಾಠ ಆದದ್ದು ಕೊನೆತನಕ ಉಳಿಯುತ್ತದೆ ಅಂತ ಅದನ್ನೇ ಕೊನೆಗೆ ಇಡುತ್ತೇನೆ.

ಈಗ ಇದಿಷ್ಟನ್ನೂ ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಬರೆದು ಮನೆಮನೆಗೆ ಕೊಡುತ್ತಿದ್ದೇನೆ. ಓದಲು, ಪ್ರಾರ್ಥಿಸಲು ಅಭಿಷೇಕ ಆದವರೇ ಬೇಕು ಅಂತಿಲ್ಲ. ರಾತ್ರಿ ಎರಡು ಗಂಟೆಗೆ ನಾನು ತಲುಪುವಷ್ಟರಲ್ಲಿ ತಡ ಆಗಬಹುದು. ಹಾಸಿಗೆ ಪಕ್ಕದಲ್ಲಿರುವ ಮಗಳೇ ಓದಲಿ.