ಡಬ್ಬಿಯೊಳಗಿನ ಹನಿ, ಮನೆಯೊಳಗಿನ ಹಳ್ಳ

ನನ್ನ ಮಗ ಓದಲು ಕಲಿಯುತ್ತಿದ್ದ ವರ್ಷ ಅವನ ಊಟದ ಡಬ್ಬಿಯ ಜೊತೆ ದಿನಕ್ಕೊಂದು ಚೀಟಿ ಇಡುತ್ತಿದ್ದೆ. ಚೀಟಿಯಲ್ಲಿ ಒಂದೇ ಒಂದು ಗಾದೆ. ಅದರ ಜೊತೆ ಬೇರೆ ಏನೂ ಇಲ್ಲ. 'ಪೂರ್ತಿ ತಿನ್ನು', 'ನೀರು ಕುಡಿ' ಅಂತ ಒಂದು ಸಾಲು ಸೇರಿಸಿದರೂ ಸಾಕು, ಮಗು ಅದನ್ನೇ ಮೊದಲು ಓದಿ ಚೀಟಿಯನ್ನು ಪಕ್ಕಕ್ಕಿಡುತ್ತದೆ. ಅಪ್ಪಣೆ ಯಾರಿಗೆ ಬೇಕು?

ಗಾದೆ ಆರಿಸುವುದೇ ದೊಡ್ಡ ಕೆಲಸ. ನಮ್ಮತ್ತೆಯ ಹತ್ತಿರ ಗಾದೆಗಳಿಗೇನೂ ಬರವಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಚೀಟಿಗೆ ಬರುವುದಿಲ್ಲ. ಕೆಲವು ಯಾವುದೋ ಜಾತಿಯನ್ನೋ ಹೆಂಗಸರನ್ನೋ ಹೀಯಾಳಿಸುತ್ತವೆ, ಅವನ್ನು ಅಲ್ಲೇ ಬಿಟ್ಟೆವು. ಕೆಲವಕ್ಕೆ ಒಳಗಿರುವ ವಸ್ತುವೇ ತೊಡಕು. 'ಕೂಸು ಹುಟ್ಟುವ ಮುಂಚೆ ಕುಲಾವಿ' ಅಂದರೆ ನನ್ನ ಮಗ ಕುಲಾವಿ ನೋಡಿಯೇ ಇಲ್ಲ. ಇನ್ನು ಉಳಿದವನ್ನು ಅಕ್ಷರಗಳು ಸೋಸಿಬಿಡುತ್ತವೆ. ಆಗ ಅವನಿಗೆ ಕಾಗುಣಿತ ಬರುತ್ತಿತ್ತು, ಅದೇ ಅಕ್ಷರಕ್ಕೆ ಅದೇ ಒತ್ತು ಇದ್ದರೆ ಓದುತ್ತಿದ್ದ. ಬೇರೆ ಅಕ್ಷರದ ಒತ್ತು ಬಂದರೆ ನಿಂತುಬಿಡುತ್ತಿದ್ದ. ಅರ್ಕಾವತ್ತು ಬಂದರಂತೂ ಮುಗಿಯಿತು. ಬರೆಯುವಾಗ ಅಕ್ಷರದ ಆಮೇಲೆ ಬರುವುದನ್ನು ಓದುವಾಗ ಮೊದಲೇ ಹೇಳಬೇಕಲ್ಲ, ಅಷ್ಟು ಚಿಕ್ಕ ತಲೆಗೆ ಅದು ಅನ್ಯಾಯವೇ. ಹಾಗಾಗಿ 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇ' ಸರಾಗವಾಗಿ ಹೋಯಿತು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಮಾತ್ರ 'ಇದ್ದಷ್ಟು'ವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹೇಗೋ ಓದಿಕೊಂಡು ಸಂಜೆ ಬಂದು, "ಅಮ್ಮ, ನನ್ನ ಹಾಸಿಗೆ ತುಂಬಾ ಉದ್ದ ಇದೆ, ಎಷ್ಟು ಚಾಚಿದ್ರೂ ತುದಿ ಸಿಗಲ್ಲ" ಅಂದ. ಸರಿಯಾದ ಮಾತೇ.

ಆರೇಳು ವರ್ಷದ ಮಕ್ಕಳು ಗಾದೆಯನ್ನು ಇರುವ ಹಾಗೆಯೇ ತೆಗೆದುಕೊಳ್ಳುತ್ತಾರೆ. ಹಾಸಿಗೆ ಅಂದರೆ ಹಾಸಿಗೆ, ಕಾಲು ಅಂದರೆ ಕಾಲು. ಅದರ ಹಿಂದೆ ದುಡ್ಡು, ಸಾಲ, ಖರ್ಚು ಇದೆ ಅನ್ನುವುದು ಹೊಳೆಯಲು ಇನ್ನೂ ಕೆಲವು ವರ್ಷ ಬೇಕು. ವಿವರಿಸಿದರೆ ತಲೆ ಆಡಿಸುತ್ತಾರೆ ಅಷ್ಟೇ. ಹಾಗಾಗಿ ಒಳಗಿನ ಅರ್ಥ ತಿಳಿಯದಿದ್ದರೂ ಹೊರಗಿನ ಚಿತ್ರ ತಾನಾಗಿಯೇ ನಿಲ್ಲಬೇಕು. ನನಗೆ ಇದು ಚೆನ್ನಾಗಿ ಮನಸ್ಸಿಗೆ ಬಂದದ್ದು ಒಂದು ಹನಿಯಿಂದ.

ಅವತ್ತಿನ ಚೀಟಿ: 'ಹನಿ ಹನಿ ಕೂಡಿದರೆ ಹಳ್ಳ.' ಇದಕ್ಕೆ 'ತೆನೆ ತೆನೆ ಕೂಡಿದರೆ ಬಳ್ಳ' ಅನ್ನುವ ಇನ್ನರ್ಧ ಇದೆ. ಬಳ್ಳ ಅಂದರೆ ಕಾಳು ಅಳೆಯುವ ಹಳೆಯ ಅಳತೆ. ಅದನ್ನು ಬಿಟ್ಟೆ. ಚಿಕ್ಕ ಚೀಟಿಗೆ ನಾಲ್ಕು ಪದ ಜಾಸ್ತಿಯೇ. ಎರಡು ಸಾಲಾಗಿ, ಅವನ ಪಾಠಪುಸ್ತಕದ ಅಕ್ಷರದಷ್ಟೇ ದಪ್ಪಕ್ಕೆ, ಪದಗಳ ನಡುವೆ ಒಂದು ಬೆರಳು ಜಾಗ ಬಿಟ್ಟು ಬರೆದೆ. ಬರೆಯುವುದು ಪೆನ್ಸಿಲಿನಲ್ಲಿ. ಬಿಸಿ ಊಟದ ಹಬೆಗೆ ಮುಚ್ಚಳದ ಒಳಗೆ ನೀರು ಕೂತು, ಜೆಲ್ ಪೆನ್ನಿನ ಶಾಯಿ ಮಧ್ಯಾಹ್ನದ ಹೊತ್ತಿಗೆ ಕದಡಿ ನೀಲಿ ಮೋಡವಾಗಿರುತ್ತದೆ. ಪೆನ್ಸಿಲ್ ಕದಡುವುದಿಲ್ಲ. ಆದರೂ ಚೀಟಿ ಡಬ್ಬಿಯೊಳಗೆ ಹೋಗುವುದಿಲ್ಲ. ಚಮಚ ಇಡುವ ಹೊರಗಿನ ಜೇಬೇ ಅದರ ಜಾಗ. ಒಂದೇ ಮಡಿಕೆ. ಎರಡು ಮಡಿಕೆ ಹಾಕಿದರೆ ಊಟದ ಕೈಯಲ್ಲಿ ಬಿಡಿಸಲು ಹೋಗಿ ಹರಿಯುತ್ತಾರೆ. ಅಡ್ಡಹೆಸರು, ಮುದ್ದಿನ ಹೆಸರು ಬರೆಯುವ ಹಾಗಿಲ್ಲ, ಪಕ್ಕದಲ್ಲಿ ಕೂತವರು ಓದುತ್ತಾರೆ.

ಸಂಜೆ ಬಂದವನು ಚಪ್ಪಲಿಯನ್ನೂ ಬಿಡದೆ ಹೇಳಿದ, "ಅಮ್ಮ, ಇವತ್ತಿನ ಗಾದೆ ಸುಳ್ಳು."

ಊಟ ಆದ ಮೇಲೆ ಕೈ ತೊಳೆಯುವ ಕಡೆ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತಂತೆ. ಇವನು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೆಳಗೆ ಇಟ್ಟಿದ್ದಾನೆ. ಮುಚ್ಚಳ ತುಂಬಿತು. ಆಮೇಲೆ ಬಿದ್ದ ಹನಿಯೆಲ್ಲ ಅಂಚಿನಿಂದ ಇಳಿದು ಮೋರಿಗೆ ಹೋಯಿತು. ಗಂಟೆ ಹೊಡೆಯುವ ತನಕ ಕಾದಿದ್ದಾನೆ. ಹಳ್ಳ ಆಗಲೇ ಇಲ್ಲ.

ಒಳಗಿದ್ದ ಅತ್ತೆಗೆ ಇದು ತಡೆಯಲಿಲ್ಲ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಕಣೋ" ಅಂತ ಅಲ್ಲಿಂದಲೇ ಕೂಗಿದರು. "ನಾನೇ ನೋಡಿದೆ ಅಜ್ಜಿ" ಅಂದ ಇವನು. ನೋಡಿದವನ ಮುಂದೆ ವೇದ ತಂದು ಏನು ಮಾಡುವುದು?

ಚೀಟಿ ಕೊಟ್ಟು ಮತ್ತೆ ಜೋರಾಗಿ ಓದು ಅಂದೆ. "ಹನಿ ಹನಿ... ಹಳ್ಳ" ಅಂದ. ನಡುವಿನ 'ಕೂಡಿದರೆ' ಮಾಯ. ಓದಲು ಕಲಿಯುವ ಮಕ್ಕಳು ಹೀಗೆ ಮಾಡುವುದುಂಟು. ಗೊತ್ತಿರುವ ಪದ ಹಿಡಿದುಕೊಂಡು, ನಡುವಿನ ಉದ್ದದ ಪದವನ್ನು ಹಾರಿ, ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಾರೆ. 'ಓದಿದ್ಯಾ?' ಅಂತ ಕೇಳಿದರೆ ಹೂಂ ಅಂತಲೇ ಉತ್ತರ ಬರುತ್ತದೆ. ಬೆರಳಿಟ್ಟು ಜೋರಾಗಿ ಓದಿಸಿದಾಗ ಮಾತ್ರ ಎಲ್ಲಿ ಹಾರಿದರು ಅಂತ ಗೊತ್ತಾಗುತ್ತದೆ. ಬೆರಳಿಟ್ಟು ಓದಿಸಿದೆ. "ಕೂ-ಡಿ-ದ-ರೆ" ಅಂದವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮುಚ್ಚಳದಲ್ಲಿ ಕೂಡಲೇ ಇಲ್ಲ, ಹೊರಗೆ ಹೋಯ್ತು" ಅಂದ. ಅಷ್ಟರಲ್ಲಿ ಅತ್ತೆ ಬಕೆಟ್ ತಂದು ಬಚ್ಚಲಿನ ನಲ್ಲಿಯ ಕೆಳಗೆ ಇಟ್ಟಿದ್ದರು. ಗಾದೆಯ ಮಾನ ಉಳಿಸಬೇಕಲ್ವಾ!

ನಲ್ಲಿಯನ್ನು ತೀರಾ ಸಣ್ಣಗೆ ಬಿಟ್ಟೆವು. ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸಲ ಆಡಿದರೆ ಒಂದು ಹನಿ ಬೀಳಬೇಕು, ಹಾಗೆ. ಇದನ್ನು ಹೊಂದಿಸಲು ತಾಳ್ಮೆ ಬೇಕು, ಕೂದಲೆಳೆ ತಿರುಗಿಸಿದರೂ ಹನಿ ಹೋಗಿ ಧಾರೆಯಾಗುತ್ತದೆ. ಬಕೆಟ್ಟಿಗಿಂತ ಮೊದಲು ಕೆಮ್ಮಿನ ಔಷಧಿಯ ಜೊತೆ ಬರುವ ಪುಟ್ಟ ಅಳತೆ ಕಪ್ಪನ್ನು ಹಿಡಿಸಿದೆ. ಅದರ ಮೇಲೆ 5 ಮಿಲಿಲೀಟರಿನ ಗೆರೆ ಇರುತ್ತದೆ. ಅವನು ಎಣಿಸಿದ. ಅರುವತ್ತರ ಆಸುಪಾಸಿನಲ್ಲಿ ನೀರು ಗೆರೆ ಮುಟ್ಟಿತು, ಅಂದರೆ ಒಂದು ನಿಮಿಷ. ಔಷಧಿ ಹಾಕುವ ಡ್ರಾಪರಿನ ಹನಿ ಇದಕ್ಕಿಂತ ಚಿಕ್ಕದು, 1 ಮಿಲಿಲೀಟರಿಗೆ ಸುಮಾರು 20 ಬೇಕಾಗುತ್ತದೆ. ನಲ್ಲಿಯ ಬಾಯಿ ಅಗಲ, ಅಲ್ಲಿ ನೇತಾಡುವ ಹನಿ ಸ್ವಲ್ಪ ದಪ್ಪಗಾಗಿಯೇ ಬೀಳುತ್ತದೆ.

ಇಷ್ಟಾದ ಮೇಲೆ ಲೆಕ್ಕ ಸುಲಭ. ನಿಮಿಷಕ್ಕೆ 5 ಆದರೆ ಗಂಟೆಗೆ 300 ಮಿಲಿಲೀಟರ್. ಅವನಿಗೆ ಮಿಲಿಲೀಟರ್ ಗೊತ್ತಿಲ್ಲ, ಹಾಗಾಗಿ 'ಗಂಟೆಗೆ ದೊಡ್ಡ ಲೋಟದ ತುಂಬ' ಅಂದೆ. ನಂಬಲಿಲ್ಲ. ಊಟಕ್ಕೆ ಕೂತಾಗ ಲೋಟ ಇಟ್ಟು, ಎದ್ದಾಗ ನೋಡಿದ. ಅರ್ಧಕ್ಕೆ ಬಂದಿತ್ತು. ಆ ಅರ್ಧ ಲೋಟದ ಮುಂದೆ ಅವನು ಕೂತ ಹಾಗೆ ಯಾವ ಪಾಠದ ಮುಂದೆಯೂ ಕೂತಿದ್ದು ನಾನು ಕಂಡಿಲ್ಲ. ಒಂದು ಹನಿ ಬಿದ್ದರೆ ಲೋಟದ ನೀರು ಏರಿದ್ದು ಕಾಣುವುದೇ ಇಲ್ಲ. ಕಣ್ಣು ಮಿಟುಕಿಸದೆ ನೋಡಿದರೂ ಕಾಣುವುದಿಲ್ಲ. ಎದ್ದು ಹೋಗಿ ಬಂದರೆ ಏರಿರುತ್ತದೆ. "ನಾನು ನೋಡ್ತಾ ಇದ್ರೆ ಅದು ಬೆಳೆಯಲ್ಲ" ಅಂತ ತೀರ್ಮಾನ ಮಾಡಿದ.

ರಾತ್ರಿ ಒಂಬತ್ತಕ್ಕೆ ಬಕೆಟ್ ಇಟ್ಟು ಮಲಗಿದೆವು. ಟಪ್ ಟಪ್ ಸದ್ದಿಗೆ ಇವರಪ್ಪನಿಗೆ ನಿದ್ದೆ ಬರಲಿಲ್ಲ, ಎದ್ದು ಹೋಗಿ ಒಂದು ಬಟ್ಟೆಯ ತುದಿಯನ್ನು ನಲ್ಲಿಗೆ ಕಟ್ಟಿ ಇನ್ನೊಂದು ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟರು. ಹನಿ ಬಟ್ಟೆ ಹಿಡಿದು ಸದ್ದಿಲ್ಲದೆ ಇಳಿಯಿತು. ಬೆಳಿಗ್ಗೆ ಆರಕ್ಕೆ ಲೆಕ್ಕದ ಪ್ರಕಾರ 2.7 ಲೀಟರ್ ಇರಬೇಕಿತ್ತು. ಒಂದು ಲೀಟರಿನ ಬಾಟಲಿಯಲ್ಲಿ ಅಳೆದೆವು. ಎರಡು ಬಾಟಲಿ ತುಂಬಿ ಮೂರನೆಯದು ಅರ್ಧಕ್ಕೆ ಬಂತು. ಸ್ವಲ್ಪ ಬಟ್ಟೆ ಕುಡಿದಿರಬೇಕು, ನಲ್ಲಿಯ ಒತ್ತಡವೂ ರಾತ್ರಿಯೆಲ್ಲ ಒಂದೇ ಸಮ ಇರುವುದಿಲ್ಲ. ಸೆಕೆಂಡಿಗೊಂದು ಹನಿ ತಪ್ಪದೆ ಬಿದ್ದರೆ ಒಂದು ಹಗಲು ಒಂದು ರಾತ್ರಿಗೆ 7 ಲೀಟರ್ ದಾಟುತ್ತದೆ. ಆ ನೀರನ್ನು ಗಿಡಗಳಿಗೆ ಹಾಕಿದೆವು.

"ಹಳ್ಳ ಆಯ್ತಾ?" ಅಂತ ಅತ್ತೆ ಕೇಳಿದರು. ಇವನು ಬಕೆಟ್ಟಿನೊಳಗೆ ಕೈ ಇಟ್ಟು ನೋಡಿ, "ಹಳ್ಳದ ಮರಿ" ಅಂದ. ಅಜ್ಜಿಗೆ ಅಷ್ಟು ಸಾಕಾಯಿತು.

ಉಳಿತಾಯದ ಬಗ್ಗೆ, ಅಭ್ಯಾಸದ ಬಗ್ಗೆ ನಾನು ಒಂದು ಮಾತೂ ಎತ್ತಲಿಲ್ಲ. ಹೇಳು ಹೇಳು ಅಂತ ಇವರಪ್ಪ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಅವರದು ಇನ್ನೊಂದು ವಾದವೂ ಇದೆ: ಹಿಂದಿನ ದಿನ ಮಗ ಏನು ತಂಟೆ ಮಾಡಿದನೋ ಅದಕ್ಕೆ ಹೊಂದುವ ಗಾದೆ ಹಾಕಬೇಕು ಅಂತ. ನಾನು ಒಪ್ಪುವುದಿಲ್ಲ. ರಂಪ ಮಾಡಿದ ಮರುದಿನ 'ಆತುರಗಾರನಿಗೆ ಬುದ್ಧಿ ಮಟ್ಟ' ಬಂದರೆ ಅದು ಬೈಗುಳವೇ. ಅದೂ ಬಾಯಿ ಕೊಟ್ಟು ಎದುರಾಡಲು ಆಗದ ಬೈಗುಳ, ಗೆಳೆಯರ ನಡುವೆ ಬಿಚ್ಚಿಕೊಳ್ಳುವಂಥದ್ದು. ಎರಡು ಸಲ ಹಾಗಾದರೆ ಮೂರನೆಯ ಚೀಟಿ ಮಡಿಕೆ ಬಿಚ್ಚದೆಯೇ ವಾಪಸ್ ಬರುತ್ತದೆ. ಚಮಚದ ಜೇಬಿನಲ್ಲಿ ಮಡಿಕೆ ಗರಿಗರಿಯಾಗಿ ಉಳಿದಿದ್ದರೆ ಓದಿಲ್ಲ ಅಂತಲೇ ಲೆಕ್ಕ. ಓದಿದ ಚೀಟಿಗೆ ಎಲ್ಲಾದರೂ ಎಣ್ಣೆಯ ಬೆರಳಚ್ಚು ಇದ್ದೇ ಇರುತ್ತದೆ.

ಬಕೆಟ್ಟಿನ ನಂತರ ಒಂದು ಹೊಸ ತೊಂದರೆ ಶುರುವಾಯಿತು. ಪ್ರತಿ ಗಾದೆಗೂ "ಇದನ್ನ ಮಾಡಿ ನೋಡಬಹುದಾ?" ಅಂತ ಕೇಳತೊಡಗಿದ. 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇ' ನೆನಪಾಗಿ, ಅಂಗೈ ಮೇಲೆ ಕೆಂಪು ಪೆನ್ನಿನಲ್ಲಿ ಹುಣ್ಣು ಬರೆದುಕೊಂಡು ಕನ್ನಡಿಯ ಮುಂದೆ ನಿಂತ. ಅಂಗೈಗೆ ಬೇಡ, ಬೆನ್ನಿಗೆ ಬೇಕು ಅಂತ ಹೇಳಿದ. ಗಾದೆಯಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದ್ದು ನನಗೆ ಖುಷಿಯಾಯಿತು. 'ತಾಳಿದವನು ಬಾಳಿಯಾನು' ಹಾಕಿದ ದಿನ ಮಾತ್ರ ಕಷ್ಟವಾಯಿತು. ಒಂದೂ ಒತ್ತಿಲ್ಲದ ಗಾದೆ, ಓದಲು ಬೆಣ್ಣೆ. ಆದರೆ "ಎಷ್ಟು ಹೊತ್ತು ತಾಳಬೇಕು?" ಅಂತ ಕೇಳಿದ. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಇದಕ್ಕೆ ಬಕೆಟ್ ಇಲ್ಲ ಅಲ್ವಾ ಅಮ್ಮ" ಅಂತ ಅವನೇ ಬಿಡಿಸಿದ. ಇಲ್ಲ ಅಂದೆ. ಹಾಗಾದರೆ ಇದು ಮುಂದಿನ ಕ್ಲಾಸಿಗೆ ಅಂತ ಹೇಳಿ, ಆ ಚೀಟಿಯನ್ನು ಒಂದು ಖಾಲಿ ಡಬ್ಬಿಗೆ ಹಾಕಿದ. ಹಾಸಿಗೆಯ ಗಾದೆಯೂ ಅಲ್ಲಿಗೇ ಹೋಗಿದೆ. ಅವನ ಕಾಲು ಹಾಸಿಗೆಯ ತುದಿ ಮುಟ್ಟಿದ ಮೇಲೆ ಅದನ್ನು ಮತ್ತೆ ತೆಗೆಯುವುದು ಅಂತ ಒಪ್ಪಂದ.