ಸಮ-ಬೆಸ ಕೈಕೊಟ್ಟ ದಿನ

ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೋಲ್ಜಾನೊ-ವೈರ್‌ಸ್ಟ್ರಾಸ್ ಪ್ರಮೇಯ ಬಂದಾಗಲೆಲ್ಲ ಬೋರ್ಡ್ ಮೇಲೆ ಬರೆಯುತ್ತಿದ್ದದ್ದು ಒಂದೇ ಉದಾಹರಣೆ: aₙ = (−1)ⁿ(1 + 1/n). ಪದಗಳು −2, 1.5, −1.33, 1.25 ಹೀಗೆ ತೂಗುಯ್ಯಾಲೆ ಆಡುತ್ತವೆ. ಆದರೆ −2 ಮತ್ತು 1.5ರ ಬೇಲಿ ದಾಟುವುದಿಲ್ಲ. ಸಮ ಸ್ಥಾನದವನ್ನಷ್ಟೇ ಆರಿಸಿದರೆ 1ರ ಹತ್ತಿರ ಹೋಗುತ್ತವೆ, ಬೆಸ ಸ್ಥಾನದವು −1ರ ಹತ್ತಿರ. ಬೇಲಿಯೊಳಗಿನ ಯಾವುದೇ ಸೀಕ್ವೆನ್ಸ್‌ನಲ್ಲಿ ಹೀಗೆ ಒಂದು ಕಡೆ ನೆಲೆ ನಿಲ್ಲುವ ಸಬ್‌ಸೀಕ್ವೆನ್ಸ್ ಇದ್ದೇ ಇರುತ್ತದೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಈ ಸಲ ಹರಿಹರದಿಂದ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, sin n ತಗೊಂಡ್ರೆ? ಸಮ ಸ್ಥಾನದವೂ ಕುಣೀತಾನೇ ಇರ್ತಾವಲ್ವಾ?" ನಿಜ. sin 2, sin 4, sin 6, sin 8 ಅಂದರೆ 0.91, −0.76, −0.28, 0.99. ನನ್ನ ಉದಾಹರಣೆ ಸುಲಭವಾಗಿತ್ತು, ಅದಕ್ಕೇ ಮಕ್ಕಳು ಸಬ್‌ಸೀಕ್ವೆನ್ಸ್ ಅಂದರೆ ಸಮ-ಬೆಸ ಅಂತಲೇ ತಿಳಿದಿದ್ದರು. ತಪ್ಪು ನನ್ನದೇ.

ಆಮೇಲೆ ಅರ್ಧ ಮಾಡುವ ದಾರಿ ಹಿಡಿದೆ. sin n ಪೂರ್ತಿ −1ರಿಂದ 1ರ ಒಳಗಿದೆ. ಮಧ್ಯಕ್ಕೆ ಸೀಳಿ. ಎರಡೂ ಅರ್ಧಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟೇ ಪದಗಳಿದ್ದರೆ ಒಟ್ಟು ಸೀಕ್ವೆನ್ಸೇ ಮುಗಿದುಹೋಗಬೇಕಿತ್ತು. ಹಾಗಾಗಿ ಒಂದು ಅರ್ಧದಲ್ಲಾದರೂ ಮುಗಿಯದಷ್ಟು ಪದಗಳಿರಬೇಕು. ಅದನ್ನಿಟ್ಟುಕೊಂಡು ಮತ್ತೆ ಸೀಳಿ. ಉದ್ದ 2, 1, 1/2, 1/4 ಎಂದು ಕುಗ್ಗುತ್ತಾ ಹೋಗುತ್ತದೆ. ಪ್ರತಿ ತುಂಡಿನಿಂದ ಒಂದೊಂದು ಪದ ತೆಗೆಯಿರಿ, ಆದರೆ ಅದರ ಸ್ಥಾನ ಹಿಂದೆ ತೆಗೆದದ್ದಕ್ಕಿಂತ ಮುಂದಿರಲೇಬೇಕು. ಪರೀಕ್ಷೆಯಲ್ಲಿ ಜಾಸ್ತಿ ಜನ ಮರೆಯುವುದು ಇದನ್ನೇ. ಮುಗಿಯದಷ್ಟು ಪದ ಉಳಿದಿರುವುದರಿಂದ ಮುಂದಿನದು ಯಾವಾಗಲೂ ಸಿಗುತ್ತದೆ.

ಯಾವ ಅರ್ಧ ಹಿಡಿಯಬೇಕು ಅಂತ ಪ್ರಮೇಯ ಹೇಳುವುದಿಲ್ಲ. sin nಗಾದರೆ ಎರಡೂ ನಡೆಯುತ್ತವೆ, −1ರಿಂದ 1ರ ಒಳಗೆ ಯಾವ ಬೆಲೆ ಕೇಳಿದರೂ ಅಲ್ಲಿಗೆ ಹೋಗುವ ಸಬ್‌ಸೀಕ್ವೆನ್ಸ್ ಇದೆ.

ಮಾರನೇ ದಿನ ಅವಳು 1/2ಕ್ಕೆ ಹೋಗುವ ಪಟ್ಟಿ ಮಾಡಿಕೊಂಡು ಬಂದಳು. n = 13, 57, 101, 145, 189, 233. ಪ್ರತಿ ಸಲ 44 ಕೂಡಿಸಿದ್ದಳು. 14π ಸುಮಾರು 43.98 ಇರುವುದರಿಂದ ಕೋನ ಒಂದೊಂದು ಸಲಕ್ಕೂ ಚೂರೇ ಸರಿಯುತ್ತದೆ. ಬೆಲೆಗಳು 0.420, 0.436, 0.452, 0.468, 0.483, 0.499. ನೋಡಲು ಚಂದವಾಗಿತ್ತು.

"ಇನ್ನೊಂದು ಒತ್ತಿ ನೋಡಮ್ಮ," ಅಂದೆ.

ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲೇ ಇದೆಯಾ ಅಂತ ಒಮ್ಮೆ ನೋಡಿಕೊಂಡು 277 ಒತ್ತಿದಳು. 0.514.

"ದಾಟಿಹೋಯ್ತು ಸಾರ್. 233 ಆದ್ಮೇಲೆ 44 ಬಿಟ್ಟು ಇನ್ನೂ ಸಣ್ಣಗೆ ಸರಿಸೋ ಹೆಜ್ಜೆ ಹುಡುಕ್ಬೇಕು."