ಕೆಲ್ಲಿ ಶೀಟ್, ಎರಡನೇ ಹಂತ: ಸೂತ್ರ ಹೇಳಿದ್ದು 17.5%, ಶೀಟ್ ಬಳಸುವುದು 3.6%

ಒಂದು ಟ್ರೇಡಿನಲ್ಲಿ ಬಂಡವಾಳದ ಎಷ್ಟು ಪಾಲು ಕಳೆದುಕೊಳ್ಳಲು ತಯಾರಿರಬೇಕು ಎಂಬುದನ್ನು ಲೆಕ್ಕ ಹಾಕುವ ಕಾಲಂ ನಮ್ಮ ಟ್ರೇಡಿಂಗ್ ಸ್ಪ್ರೆಡ್‌ಶೀಟಿನಲ್ಲಿ ಈಗ ಕೆಲಸ ಮಾಡುತ್ತಿದೆ. ಆಧಾರ, ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರ. W ಅಂದರೆ ಗೆಲುವಿನ ದರ. R ಅಂದರೆ ಸರಾಸರಿ ಲಾಭವನ್ನು ಸರಾಸರಿ ನಷ್ಟದಿಂದ ಭಾಗಿಸಿದ ಸಂಖ್ಯೆ.

```
f = W - (1 - W) / R
```

ಶೀಟಿನಲ್ಲಿರುವ 100 ಟ್ರೇಡುಗಳಲ್ಲಿ 45 ಗೆಲುವು. ಸರಾಸರಿ ಲಾಭ 2,000 ರೂಪಾಯಿ, ಸರಾಸರಿ ನಷ್ಟ 1,000. ಹಾಗಾಗಿ R 2 ಆಗಿ, f 0.175 ಬರುತ್ತದೆ. ಆದರೆ ಇದರಲ್ಲಿ ಬ್ರೋಕರೇಜ್, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಮುಂತಾದ ಖರ್ಚುಗಳು ಸೇರಿಲ್ಲ. ಟ್ರೇಡಿಗೆ ಸುಮಾರು 70 ರೂಪಾಯಿ ಖರ್ಚು ಹಿಡಿದರೆ ಲಾಭ 1,930ಕ್ಕೆ ಇಳಿಯುತ್ತದೆ, ನಷ್ಟ 1,070ಕ್ಕೆ ಏರುತ್ತದೆ. ಎರಡೂ ಕಡೆಯಿಂದ ಪೆಟ್ಟು ಬಿದ್ದು R ಸುಮಾರು 1.8 ಆಗುತ್ತದೆ, ಅದನ್ನು 1.8 ಎಂದೇ ಹಿಡಿದರೆ f 14.4%ಕ್ಕೆ ಬರುತ್ತದೆ. ಖರ್ಚು ಕಳೆಯದ ಲಾಭ-ನಷ್ಟವನ್ನು ಸೂತ್ರಕ್ಕೆ ಕೊಡಲೇಬಾರದು. ಹಾಗೆಯೇ, ಒಂದೇ ಒಂದು ದೊಡ್ಡ ಲಾಭ R ಅನ್ನು ಎತ್ತಿಬಿಟ್ಟಿದೆಯೇ ಎಂದು ತಿಳಿಯಲು ಆ ಟ್ರೇಡನ್ನು ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿ ನೋಡಬೇಕು.

14.4% ಬಂತೆಂದು ಅಷ್ಟನ್ನೂ ಹಾಕಬಹುದೇ? ಇದನ್ನು ಪರೀಕ್ಷಿಸಲು ಬೆಳವಣಿಗೆಯ ಕಾಲಂ ಸೇರಿಸಲಾಗಿದೆ. B1ರಲ್ಲಿ W, B2ರಲ್ಲಿ R, B3ರಲ್ಲಿ ಪ್ರತಿ ಟ್ರೇಡಿಗೆ ಒಡ್ಡುವ ಪಾಲು.

```
=B1*LN(1+B2*B3)+(1-B1)*LN(1-B3)
```

B3ಗೆ 0.144 ಕೊಟ್ಟರೆ ಟ್ರೇಡಿಗೆ ಸುಮಾರು 1.8% ಬೆಳವಣಿಗೆ. ಅದರ ಅರ್ಧ, 0.072 ಕೊಟ್ಟರೆ 1.4%. ಅಂದರೆ ರಿಸ್ಕ್ ಅರ್ಧಕ್ಕೆ ಇಳಿದರೂ ಬೆಳವಣಿಗೆಯ ಮುಕ್ಕಾಲು ಪಾಲು ಕೈಯಲ್ಲೇ ಉಳಿಯುತ್ತದೆ. ಇನ್ನೊಂದು ದಿಕ್ಕಿಗೆ ಹೋಗಿ 0.288, ಅಂದರೆ ಎರಡು ಪಟ್ಟು ಕೊಟ್ಟರೆ ಬೆಳವಣಿಗೆ 0.1%ಕ್ಕೆ ಕುಸಿಯುತ್ತದೆ, ಅದರಾಚೆ ಗೆಲ್ಲುವ ಪದ್ಧತಿಯೇ ಬಂಡವಾಳವನ್ನು ತಿನ್ನತೊಡಗುತ್ತದೆ. ಕಡಿಮೆ ಹಾಕಿದ ತಪ್ಪಿಗೆ ಸ್ವಲ್ಪ ದಂಡ, ಹೆಚ್ಚು ಹಾಕಿದ ತಪ್ಪಿಗೆ ದೊಡ್ಡ ದಂಡ. f ಹೇಳಿದಷ್ಟನ್ನೂ ಹಾಕುವ ಪೂರ್ತಿ ಕೆಲ್ಲಿಯನ್ನು ಬಿಟ್ಟು ಅದರ ಒಂದು ಭಾಗವನ್ನಷ್ಟೇ ಬಳಸುವುದಕ್ಕೆ ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ ಕಾರಣ.

ಏಕೆಂದರೆ 45% ಎಂಬುದು ಅಂದಾಜು ಮಾತ್ರ. 100 ಟ್ರೇಡುಗಳ ಲೆಕ್ಕದಲ್ಲಿ ಸುಮಾರು 5 ಪಾಯಿಂಟ್ ಆಚೀಚೆ ಆಗುವುದು ಸಾಮಾನ್ಯ. ನಿಜವಾದ ದರ 40% ಇದ್ದರೆ ಆಶ್ಚರ್ಯವೇನಿಲ್ಲ. B1ಗೆ 0.40 ಹಾಕಿ ನೋಡಿ. 14.4%ರ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಮೈನಸ್ 0.1%ಕ್ಕೆ ಹೋಗುತ್ತದೆ. 7.2% ಮಾತ್ರ ಇನ್ನೂ 0.4% ಬೆಳೆಯುತ್ತಲೇ ಇರುತ್ತದೆ, ಏಕೆಂದರೆ 40%ರ ಗೆಲುವಿಗೆ ಸರಿಯಾದ f ಇರುವುದೇ 6.7%.

ಅಂದಾಜು ಕರಾರುವಾಕ್ಕಾಗಿದ್ದರೂ ದಾರಿ ಸುಗಮವಲ್ಲ. 55% ಸೋಲಿನ ದರದಲ್ಲಿ ಸಾಲಾಗಿ ಐದು ಸೋಲು ಬರುವುದು ನೂರು ಟ್ರೇಡುಗಳೊಳಗೆ ಬಹುತೇಕ ಖಚಿತ. ಪೂರ್ತಿ ಕೆಲ್ಲಿಯಲ್ಲಿ ಆ ಐದರ ನಂತರ ಉಳಿಯುವುದು ಬಂಡವಾಳದ 46%. ಅರ್ಧದಲ್ಲಿ 69%, ಕಾಲು ಭಾಗದಲ್ಲಿ 83%. ದೀರ್ಘಾವಧಿಯಲ್ಲಿ ಬಂಡವಾಳ ಎಂದಾದರೂ ಒಮ್ಮೆ ಆರಂಭದ ಮೊತ್ತದ ಅರ್ಧಕ್ಕೆ ಇಳಿಯುವ ಸಾಧ್ಯತೆ ಪೂರ್ತಿ ಕೆಲ್ಲಿಯಲ್ಲಿ ಸುಮಾರು ಎರಡರಲ್ಲಿ ಒಂದು, ಅರ್ಧದಲ್ಲಿ ಎಂಟರಲ್ಲಿ ಒಂದು.

ಈಗ ಷೇರಿನ ಸಂಖ್ಯೆಗೆ ಬರೋಣ. f ಹೇಳುವುದು ಕಳೆದುಕೊಳ್ಳಬಹುದಾದ ಹಣವನ್ನು, ಖರೀದಿಯ ಮೊತ್ತವನ್ನಲ್ಲ. ಬಹಳ ಜನ ಎಡವುವುದು ಇಲ್ಲೇ. ಬಂಡವಾಳ 2,00,000, ಕಾಲು ಕೆಲ್ಲಿ 3.6% ಎಂದರೆ 7,200 ರೂಪಾಯಿ. 480ಕ್ಕೆ ಕೊಂಡು, ನಷ್ಟ ತಡೆಯಲು ಮಾರಿ ಹೊರಬರುವ ಬೆಲೆಯಾದ ಸ್ಟಾಪ್‌ಲಾಸ್ ಅನ್ನು 462ಕ್ಕೆ ಇಟ್ಟರೆ ಷೇರಿಗೆ 18 ರೂಪಾಯಿ ರಿಸ್ಕ್, ಆದ್ದರಿಂದ 400 ಷೇರು. ಖರೀದಿ ಮೊತ್ತ 1,92,000, ಕೈಯಲ್ಲಿರುವ ಹಣದೊಳಗೇ ಮುಗಿಯುತ್ತದೆ. ಪೂರ್ತಿ ಕೆಲ್ಲಿಗೆ 1,600 ಷೇರು ಬೇಕು, ಅಂದರೆ 7,68,000 ರೂಪಾಯಿ. ಸಾಲದ ಮಾರ್ಜಿನ್ ಇಲ್ಲದೆ ಆಗುವ ಮಾತಲ್ಲ.

ಮರುದಿನ ಬೆಳಗ್ಗೆ ಆ ಷೇರು ಗ್ಯಾಪ್-ಡೌನ್ ಆಗಿ 444ಕ್ಕೆ ತೆರೆಯಿತು ಎಂದುಕೊಳ್ಳಿ. 462ರಲ್ಲಿ ಹೊರಬರಲು ಅವಕಾಶವೇ ಸಿಗುವುದಿಲ್ಲ, ಷೇರಿಗೆ 36 ರೂಪಾಯಿ ಹೋಗುತ್ತದೆ. 400 ಷೇರಿಗೆ ನಷ್ಟ 14,400, ಅಂದರೆ 7.2%, ಅರ್ಧ ಕೆಲ್ಲಿಯ ಮಟ್ಟ, ತಡೆದುಕೊಳ್ಳಬಹುದು. 1,600 ಷೇರಿಗೆ 57,600, ಅಂದರೆ 28.8%. ಮೇಲೆ ಬೆಳವಣಿಗೆ 0.1%ಕ್ಕೆ ಕುಸಿದಿದ್ದು ಇದೇ ಪಾಲಿನಲ್ಲಿ.

ಹೀಗಾಗಿ ಶೀಟಿನಲ್ಲಿ ಸದ್ಯಕ್ಕೆ ಕಾಲು ಭಾಗವನ್ನೇ ಇಟ್ಟಿದೆ. 300 ಟ್ರೇಡು ದಾಟಿದಾಗ W ಅಂದಾಜಿನ ಆಚೀಚೆ 3 ಪಾಯಿಂಟಿನ ಆಸುಪಾಸಿಗೆ ಇಳಿಯುತ್ತದೆ. ಅರ್ಧಕ್ಕೆ ಏರಿಸುವ ಯೋಚನೆ ಆಗ. ಬಾಕಿ ಇರುವ ಕೆಲಸ ಒಂದೇ ಸಮಯದಲ್ಲಿ ತೆರೆದಿರುವ ಟ್ರೇಡುಗಳದ್ದು: ಮೂರು ಬ್ಯಾಂಕ್ ಷೇರುಗಳು ಒಟ್ಟಿಗೇ ಬೀಳುವುದರಿಂದ 3.6% ಅನ್ನು ಮೂರಕ್ಕೂ ಹಂಚುವಂತೆ ಮುಂದಿನ ಕಾಲಂ ಬರೆಯಬೇಕಿದೆ.